ಪಿಲ್ಲರ್ ಬಿರುಕಿಗೆ ಪುಟ್ಟಿ ಸಾಕೇನ್ರಿ?

2019ರ ಮಾರ್ಚ್ 19ಕ್ಕ ಧಾರವಾಡದ ಕುಮಾರೇಶ್ವರ ನಗರದಾಗ, ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ತೀರಿಕೊಂಡರು. ಅವತ್ತಿನಿಂದ ಪಿಲ್ಲರ್‌ನಾಗ ಬಿರುಕು ಕಂಡ್ರ ನಾನು ನಿಂತು ನೋಡ್ತೀನಿ.

ಹೋದ ಮಳೆಗಾಲದಾಗ ನಮ್ಮ ಮನೆ ಪಾರ್ಕಿಂಗ್ ಪಿಲ್ಲರ್‌ನಾಗ ಮೇಲಿಂದ ಕೆಳಗ ಉದ್ದಕ್ಕ ಬಿರುಕು ಕಾಣಿಸ್ತು, ಅಂಚಿಗೆ ಕಂದು ಕಲೆ. ಮೇಸ್ತ್ರಿ "ಪುಟ್ಟಿ ಹಚ್ಚಿದ್ರ ಆತು" ಅಂದ. ಅಪ್ಪ ಎಂಜಿನಿಯರ್‌ನ ಕರೆಸಿದ್ರು. ಅವರು ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂತು. ಒಳಗ ಸರಳು ತುಕ್ಕು ಹಿಡಿದಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡ್ತದ, ಹಂಗಾಗಿ ಕಾಂಕ್ರೀಟನ್ನ ಒಳಗಿಂದನ ಒಡೀತದ. ಪುಟ್ಟಿ ಬಿರುಕನ್ನ ಮುಚ್ಚತದ, ತುಕ್ಕನ್ನ ನಿಲ್ಲಸೂದಿಲ್ಲ.

ಮೊದಲು ಬೀಮ್ ಕೆಳಗ ಜಾಕ್ ಕೊಟ್ಟು ಭಾರ ಹೊರಿಸಿದ್ರು. ಆಮೇಲೆ ಸಡಿಲ ಕಾಂಕ್ರೀಟನ್ನ ಸರಳಿನ ಹಿಂದಿನ ತನಕ ಕೆತ್ತಿ, ತುಕ್ಕು ತಿಕ್ಕಿ ತೆಗೆದು, ಸರಳಿಗೆ ತುಕ್ಕು ತಡೆಯುವ ಲೇಪ ಬಳಿದು, ಪಾಲಿಮರ್ ಗಾರೆ ತುಂಬಿದ್ರು. ಸರಳು ಬಹಳ ಸವೆದಿದ್ದರ ಹೊಸ ಸರಳನೂ ಸೇರಿಸಬೇಕಾಗ್ತಿತ್ತು.

ನೀವು ಮೊದಲು ಬಿರುಕಿನ ಮ್ಯಾಲಿನ ಪ್ಲಾಸ್ಟರ್ ಸ್ವಲ್ಪ ಕೆರೆದು ನೋಡ್ರಿ. ಬಿರುಕು ಪ್ಲಾಸ್ಟರ್‌ನಾಗ ಮುಗಿದ್ರ ಮೇಸ್ತ್ರಿ ಸಾಕು. ಕಾಂಕ್ರೀಟಿಗೆ ಇಳಿದಿದ್ರ, ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದು ಎಂಜಿನಿಯರ್‌ಗೆ ತೋರಿಸ್ರಿ. ಪಿಲ್ಲರ್ ಹತ್ರ ಬೀಮ್‌ನಾಗ ಓರೆ ಬಿರುಕು ಕಂಡ್ರ ಮಾತ್ರ ಕಾಯಬ್ಯಾಡ್ರಿ, ಅವತ್ತ ಫೋನ್ ಮಾಡ್ರಿ.