ಎಲ್ಲ ಸಿಬ್ಬಂದಿಗೆ ಒಂದು ಮಿಂಚಂಚೆ



ಕೆಲವು ವರ್ಷಗಳ ಹಿಂದೆ ನಾನಿದ್ದ ಕಚೇರಿಯಲ್ಲಿ ಸುಮಾರು ಅರವತ್ತು ಮಂದಿ ಕೆಲಸ ಮಾಡುತ್ತಿದ್ದರು. ಕಂಪ್ಯೂಟರ್ ವಿಭಾಗ ನನ್ನ ಹೊಣೆ. ಪಾಸ್‌ವರ್ಡ್‌ಗಳು ಡೈರಿಯ ಕೊನೆಯ ಪುಟದಲ್ಲಿ, ಕೀಬೋರ್ಡಿನ ಅಡಿಯಲ್ಲಿ, ಎಲ್ಲರೂ ತೆರೆಯಬಹುದಾದ ಒಂದು ಎಕ್ಸೆಲ್ ಕಡತದಲ್ಲಿ ಇದ್ದವು. ಇವನ್ನೆಲ್ಲ ಒಂದೇ ಭದ್ರ ಜಾಗಕ್ಕೆ ತರಲು ಪಾಸ್‌ವರ್ಡ್ ಮ್ಯಾನೇಜರ್ ತರಿಸಿದೆವು. ನಾವು ಆರಿಸಿದ್ದು ಬಿಟ್‌ವಾರ್ಡನ್. ಒಂದು ಬೆಳಿಗ್ಗೆ ಎಲ್ಲ ಸಿಬ್ಬಂದಿಗೂ ಮೇಲ್ ಕಳಿಸಿದೆ: ಕೆಳಗಿನ ಕೊಂಡಿ ಒತ್ತಿ, ಹೊಸ ಪಾಸ್‌ವರ್ಡ್ ಹಾಕಿ, ಶುಕ್ರವಾರದೊಳಗೆ ಮುಗಿಸಿ.

ಹನ್ನೊಂದು ಗಂಟೆಗೆ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಆ ಮೇಲನ್ನು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದು ಬಂದರು. "ಸಾರ್, ಇದು ನೀವೇ ಕಳಿಸಿದ್ದಾ? ಇಂಥದ್ದನ್ನ ಒತ್ತಬೇಡಿ ಅಂತ ಹೋದ ತಿಂಗಳು ನೀವೇ ಹೇಳಿದ್ರಲ್ಲ" ಅಂದರು.

ಅವರು ಹೇಳಿದ್ದು ಸರಿಯಾಗಿತ್ತು. ಅವಸರದ ಗಡುವು, ಒತ್ತಲು ಒಂದು ಕೊಂಡಿ, ಪಾಸ್‌ವರ್ಡಿನ ಮಾತು. ಮೋಸದ ಮೇಲ್‌ಗೆ ಇರುವ ಮೂರು ಗುರುತುಗಳೂ ನನ್ನ ಮೇಲ್‌ನಲ್ಲಿ ಇದ್ದವು. ಅದನ್ನು ಹಿಂತೆಗೆದುಕೊಂಡೆ. ಎರಡನೆಯ ಮೇಲ್ ಬರೆಯಲು ನಾಲ್ಕು ದಿನ ಹಿಡಿಯಿತು. ಅದರಲ್ಲಿ ಏನಿತ್ತು, ಯಾಕಿತ್ತು ಎಂಬುದನ್ನು ಇವತ್ತು ಹೇಳುತ್ತೇನೆ.

ಮೊದಲ ಬದಲಾವಣೆ ಮೇಲ್‌ನ ಹೊರಗೇ ಆಯಿತು. ಸೋಮವಾರದ ಸಭೆಯಲ್ಲಿ ವಿಭಾಗದ ಮುಖ್ಯಸ್ಥರು ತಮ್ಮವರಿಗೆ ಬಾಯಲ್ಲೇ ತಿಳಿಸಿದರು: ಬುಧವಾರ ಇಂಥವರಿಂದ ಒಂದು ಮೇಲ್ ಬರುತ್ತದೆ, ಅದರಲ್ಲಿ ಯಾವ ಕೊಂಡಿಯೂ ಇರುವುದಿಲ್ಲ. ಗುರುವಾರ ಬಿಟ್‌ವಾರ್ಡನ್‌ನಿಂದ ಆಹ್ವಾನ ಬರುತ್ತದೆ, ಒತ್ತಬೇಕಾದ ಕೊಂಡಿ ಅದೊಂದೇ. ಅನುಮಾನ ಬಂದರೆ ನನ್ನ ಮೇಜಿಗೆ ಬರಬೇಕು ಅಥವಾ ಕಚೇರಿಯ ಒಳಫೋನಿನಲ್ಲಿ ಕೇಳಬೇಕು. ಬುಧವಾರದ ಮೇಲ್‌ನ ಮೊದಲ ಸಾಲಿನಲ್ಲೂ ಇದನ್ನೇ ಬರೆದೆ.

ಆಮೇಲೆ ಹಂತಗಳು. ಮೊದಲ ಮೇಲ್‌ನಲ್ಲಿ ಹದಿನಾಲ್ಕು ಇದ್ದವು, ಈಗ ನಾಲ್ಕಕ್ಕೆ ಇಳಿಸಿದೆ. ಆಹ್ವಾನವನ್ನು ಒಪ್ಪಿಕೊಳ್ಳಿ. ಮುಖ್ಯ ಪಾಸ್‌ವರ್ಡ್ ಇಟ್ಟುಕೊಳ್ಳಿ. ಬ್ರೌಸರಿಗೆ ಬಿಟ್‌ವಾರ್ಡನ್ ಎಕ್ಸ್‌ಟೆನ್ಶನ್ ಸೇರಿಸಿ. ನಿಮ್ಮ ಕಂಪ್ಯೂಟರಿನಲ್ಲಿ ಅದನ್ನು ನಾವೇ ಬಂದು ಹಾಕಿಕೊಡುತ್ತೇವೆ. ಮೊದಲ ದಿನ ಒಂದೇ ಒಂದು ಪಾಸ್‌ವರ್ಡನ್ನು ಅದರಲ್ಲಿ ಉಳಿಸಿ, ಉಳಿದವು ನೀವು ಆಯಾ ತಾಣಕ್ಕೆ ಹೋದಾಗ ಒಂದೊಂದಾಗಿ ಸೇರಿಕೊಳ್ಳುತ್ತವೆ. ಈ ಕೊನೆಯ ವಾಕ್ಯವನ್ನು ಓದಿ ಹಲವರು ನಿರಾಳರಾದರು. ನಲವತ್ತು ಪಾಸ್‌ವರ್ಡುಗಳನ್ನು ಒಂದೇ ದಿನ ಕೂತು ತುಂಬಬೇಕೇನೋ ಎಂದು ಅವರು ಅಂದುಕೊಂಡಿದ್ದರು.

ಒಂದು ಎಚ್ಚರಿಕೆಯನ್ನೂ ಬರೆದಿದ್ದೆ. ಆ ಆಹ್ವಾನ ಐದು ದಿನಕ್ಕೆ ಮುಗಿದುಹೋಗುತ್ತದೆ. ರಜೆಯಲ್ಲಿದ್ದವರು ಮರಳಿ ಬಂದು ಒತ್ತಿದರೆ ಅದು ನಡೆಯುವುದಿಲ್ಲ, ಆಗ ಮತ್ತೆ ಕಳಿಸಿ ಎಂದು ಕೇಳಬೇಕು. ಒಪ್ಪಿಕೊಂಡ ಮೇಲೂ ಕಚೇರಿಯ ಕಡೆಯಿಂದ ನಾವು ಖಚಿತಪಡಿಸುವ ತನಕ ಹಂಚಿಕೆಯ ಪಾಸ್‌ವರ್ಡುಗಳು ಅವರಿಗೆ ಕಾಣುವುದಿಲ್ಲ. ಇದನ್ನು ಮುಂಚೆ ಹೇಳದಿದ್ದರೆ "ನನ್ನದು ಖಾಲಿ ಇದೆ" ಎಂಬ ಕರೆಗಳು ಬರುತ್ತಲೇ ಇರುತ್ತವೆ.

ಮುಖ್ಯ ಪಾಸ್‌ವರ್ಡಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇನ್ನು ಮುಂದೆ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ್ದು ಇದೊಂದನ್ನೇ. ಆದ್ದರಿಂದ ಅದು ಗಟ್ಟಿಯಾಗಿಯೂ ಇರಬೇಕು, ನೆನಪಿಗೂ ನಿಲ್ಲಬೇಕು. ಅಮೆರಿಕದ ಅರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಇದಕ್ಕೊಂದು ದಾರಿ ಹೇಳಿದರು. ದಾಳವನ್ನು ಐದು ಸಲ ಎಸೆದು, ಬಂದ ಅಂಕೆಗಳಿಗೆ ತಕ್ಕ ಪದವನ್ನು ಪಟ್ಟಿಯಿಂದ ಎತ್ತಿಕೊಳ್ಳುವುದು. ಪಟ್ಟಿಯಲ್ಲಿ 7,776 ಪದಗಳು. ಹೀಗೆ ಬಂದ ನಾಲ್ಕು ಪದಗಳನ್ನು ಜೋಡಿಸಿದರೆ ಸುಮಾರು 3,656 ಲಕ್ಷ ಕೋಟಿ ಸಾಧ್ಯತೆಗಳಾಗುತ್ತವೆ. ಪದಗಳನ್ನು ನಾವೇ ಮನಸ್ಸಿನಲ್ಲಿ ಆರಿಸಿದರೆ ಈ ಲೆಕ್ಕ ಬಿದ್ದುಹೋಗುತ್ತದೆ. ನಮ್ಮ ಮನಸ್ಸು ಊರಿನ ಹೆಸರು, ದೇವರ ಹೆಸರು, ಮಕ್ಕಳ ಹೆಸರಿನ ಸುತ್ತಲೇ ಸುಳಿಯುತ್ತದೆ.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಅರ್ಥವಾಗಲಿ ಎಂದು ಮೇಲ್‌ನಲ್ಲಿ ನಾಲ್ಕು ಪದಗಳ ಒಂದು ಉದಾಹರಣೆ ಕೊಟ್ಟೆ. "ನೀವು ಕೊಟ್ಟಿದ್ದನ್ನೇ ಇಟ್ಟುಕೊಂಡೆವು" ಎಂದು ವಾರದೊಳಗೆ ಮೂವರು ಬಂದು ಹೇಳಿದರು. ಅವರ ಪಾಸ್‌ವರ್ಡ್ ಬದಲಿಸಿ, ಉದಾಹರಣೆಯನ್ನು ತೆಗೆದುಹಾಕಿ, ಮೇಜಿನ ಮೇಲೆ ಐದು ದಾಳ ಮತ್ತು ಪದಗಳ ಪಟ್ಟಿ ಇಟ್ಟೆ. ಬಂದವರು ತಾವೇ ಎಸೆದು, ತಾವೇ ಬರೆದುಕೊಂಡು ಹೋದರು. ಬರೆದ ಚೀಟಿಯನ್ನು ಒಂದು ವಾರ ಪರ್ಸಿನಲ್ಲಿ ಇಟ್ಟುಕೊಳ್ಳಬಹುದು, ಮಾನಿಟರಿಗೆ ಅಂಟಿಸುವುದು ಬೇಡ ಎಂದು ಹೇಳಿಕೊಟ್ಟೆ.

ಇನ್ನು ಅಭಯದ ಮಾತು. "ಎಲ್ಲ ಬೀಗದಕೈಯನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ, ಪೆಟ್ಟಿಗೆಯನ್ನೇ ಕದ್ದರೆ?" ಬಹುಮಂದಿ ಕೇಳಿದ್ದು ಇದನ್ನೇ, ಕೇಳಬೇಕಾದ್ದೂ ಹೌದು. "ಏನೂ ಆಗುವುದಿಲ್ಲ, ಭಯ ಬೇಡ" ಎಂದು ನಾನು ಬರೆಯಲಿಲ್ಲ. ಆಗಿದ್ದನ್ನೇ ಬರೆದೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಸೇವೆಯಿಂದ ಗ್ರಾಹಕರ ಪೆಟ್ಟಿಗೆಗಳ ನಕಲುಗಳು ಕಳ್ಳರ ಕೈ ಸೇರಿದವು. ಯಾರು ಯಾವ ತಾಣ ಬಳಸುತ್ತಾರೆ ಎಂಬ ವಿಳಾಸಗಳು ಅವುಗಳಲ್ಲಿ ಬಯಲಾಗಿಯೇ ಇದ್ದವು. ಪಾಸ್‌ವರ್ಡುಗಳು ಮಾತ್ರ ಗೂಢಲಿಪಿಯಲ್ಲಿದ್ದವು. ಅದನ್ನು ಬಿಡಿಸುವ ಕೀಲಿ ಹುಟ್ಟುವುದು ಮುಖ್ಯ ಪಾಸ್‌ವರ್ಡಿನಿಂದ. ಹಾಗಾಗಿ ದುರ್ಬಲ ಮುಖ್ಯ ಪಾಸ್‌ವರ್ಡ್ ಇಟ್ಟವರಿಗೇ ಅಪಾಯ ಹೆಚ್ಚು.

ಬಿಟ್‌ವಾರ್ಡನ್‌ನಲ್ಲಿ ಈ ಗೂಢಲಿಪಿಯ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ಮುಗಿದು, ಆಮೇಲೆ ಅವರ ಸರ್ವರ್‌ಗೆ ಹೋಗುತ್ತದೆ. ಮುಖ್ಯ ಪಾಸ್‌ವರ್ಡ್ ಅಲ್ಲಿಗೆ ಹೋಗುವುದೇ ಇಲ್ಲ. ಅದನ್ನು ಕೀಲಿಯಾಗಿಸುವ ಮೊದಲು ಸಾಮಾನ್ಯವಾಗಿ ಆರು ಲಕ್ಷ ಸಲ ಅರೆಯುತ್ತಾರೆ. ನಮಗೆ ಒಂದು ಕ್ಷಣದ ಕಾಯುವಿಕೆ, ಊಹಿಸಿ ಊಹಿಸಿ ನೋಡುವ ಕಳ್ಳನಿಗೆ ಪ್ರತಿ ಊಹೆಗೂ ಆರು ಲಕ್ಷ ಸಲದ ದುಡಿಮೆ.

ಎರಡನೆಯ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು: "ನಮ್ಮದನ್ನೆಲ್ಲ ಸಾಹೇಬರು ನೋಡಬಹುದಾ?" ಇದಕ್ಕೂ ಪೂರ್ತಿ ಉತ್ತರವನ್ನೇ ಕೊಡಬೇಕು. ದಿನನಿತ್ಯದ ಬಳಕೆಯಲ್ಲಿ ನಿಮ್ಮ ಸ್ವಂತ ಪೆಟ್ಟಿಗೆ ಯಾರಿಗೂ ಕಾಣುವುದಿಲ್ಲ. ಆದರೆ ಮುಖ್ಯ ಪಾಸ್‌ವರ್ಡ್ ಮರೆತವರಿಗೆಂದು ನಾವು ಖಾತೆ ಮರುಪಡೆಯುವ ಸೌಲಭ್ಯ ಇಟ್ಟುಕೊಂಡಿದ್ದೆವು. ಅದನ್ನು ಬಳಸಿ ಅಧಿಕಾರ ಇರುವವರು ಹೊಸ ಮುಖ್ಯ ಪಾಸ್‌ವರ್ಡ್ ಹಾಕಬಹುದು. ಹಾಕಬಲ್ಲವರು ಒಳಗೂ ಹೋಗಬಲ್ಲರು. ಹಾಗೆ ಮಾಡಿದ್ದು ದಾಖಲೆಯಲ್ಲಿ ಉಳಿಯುತ್ತದೆ. ಆದ್ದರಿಂದ ಮನೆಯ ಬ್ಯಾಂಕ್ ಖಾತೆಯ ಪಾಸ್‌ವರ್ಡನ್ನು ಇಲ್ಲಿ ಇಡಬೇಡಿ, ಕಚೇರಿಯದ್ದನ್ನು ಮಾತ್ರ ಇಡಿ ಎಂದು ಮೇಲ್‌ನಲ್ಲಿ ನೇರವಾಗಿ ಬರೆದೆ. ಇದನ್ನು ಬರೆದರೆ ಜನ ಹೆದರುತ್ತಾರೆ ಎಂದು ಒಬ್ಬ ಸಹೋದ್ಯೋಗಿ ಹೇಳಿದ್ದರು. ಓದಿದವರು ಹೆದರಲಿಲ್ಲ. ಬಚ್ಚಿಟ್ಟು ಆಮೇಲೆ ಗೊತ್ತಾಗಿದ್ದರೆ ನಮ್ಮ ಉಳಿದ ಮಾತನ್ನೂ ಅವರು ನಂಬುತ್ತಿರಲಿಲ್ಲ.

ಎರಡು ತಿಂಗಳಾಗಿರಬಹುದು. ಪ್ರಿಂಟ್ ಹಿಡಿದು ಬಂದಿದ್ದ ಆ ಹಿರಿಯರೇ ಫೋನ್ ಮಾಡಿದರು. "ಸಾರ್, ಇದು ಕೆಟ್ಟಿದೆ ಅನ್ಸುತ್ತೆ. ದಿನಾ ತಾನೇ ಪಾಸ್‌ವರ್ಡ್ ತುಂಬ್ತಿತ್ತು, ಇವತ್ತು ಏನೂ ತೋರಿಸ್ತಿಲ್ಲ. ನಾನೇ ಟೈಪ್ ಮಾಡ್ಲಾ?" ಮಾಡಬೇಡಿ, ಬಂದೆ ಎಂದು ಹೋಗಿ ನೋಡಿದೆ. ನಮ್ಮ ಮೇಲ್ ಸೇವೆಯ ಲಾಗಿನ್ ಪುಟವೇ, ಬಣ್ಣವೂ ಅದೇ, ಲಾಂಛನವೂ ಅದೇ. ವಿಳಾಸದಲ್ಲಿ ಮಾತ್ರ ಎಲ್ ಅಕ್ಷರ ಇರಬೇಕಾದಲ್ಲಿ ಒಂದು ಎಂಬ ಅಂಕೆ ಇತ್ತು. ಅವರ ಕಣ್ಣಿಗೂ ನನ್ನ ಕಣ್ಣಿಗೂ ಮೊದಲ ನೋಟಕ್ಕೆ ಅದು ಕಾಣಲಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಬಣ್ಣವನ್ನಾಗಲಿ ಲಾಂಛನವನ್ನಾಗಲಿ ನೋಡುವುದಿಲ್ಲ, ವಿಳಾಸವನ್ನಷ್ಟೇ ಹೋಲಿಸುತ್ತದೆ. ಹೊಂದದ ಕಡೆ ಸುಮ್ಮನಿರುತ್ತದೆ. ಅಂದೇ ಸಂಜೆ ಸಿಬ್ಬಂದಿಗೆ ಎರಡು ಸಾಲಿನ ಮೇಲ್ ಕಳಿಸಿದೆ: ಪಾಸ್‌ವರ್ಡ್ ತಾನಾಗಿ ತುಂಬದಿದ್ದರೆ ಕೈಯಿಂದ ಟೈಪ್ ಮಾಡಬೇಡಿ, ಮೊದಲು ಫೋನ್ ಮಾಡಿ.