ಐನೂರು ಡಾಲರ್ ಹೋಯ್ತು, ಐನೂರು ಡಾಲರ್ ಬಂತು



ಸಿದ್ದಾಪುರ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರು ಹೋದ ವಾರ ಫೋನ್ ಮಾಡಿದ್ರು. ಮಗಳು ಅಮೆರಿಕದಲ್ಲಿ ಓದ್ತಿದ್ದಾಳೆ, ಅವಳ ಘಟಿಕೋತ್ಸವಕ್ಕೆ ಗಂಡ-ಹೆಂಡತಿ ಹೊರಟು ನಿಂತಿದ್ರು. ಅಲ್ಲಿಯ ಹೋಟೆಲಿಗೆ ಒಂದು ವಿದೇಶಿ ವೆಬ್‌ಸೈಟಿನಲ್ಲಿ ಮೊದಲೇ ದುಡ್ಡು ಕಟ್ಟಿದ್ದೂ ಆಯ್ತು. ವೀಸಾ ಸಮಯಕ್ಕೆ ಸಿಗಲಿಲ್ಲ, ಪ್ರಯಾಣ ರದ್ದು. ರೂಮ್ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಅಂತ ಸೈಟಿನಲ್ಲಿ ಬರೆದಿತ್ತು. ವಾಪಸ್ ಬಂತು. ಆದರೆ ಕಟ್ಟಿದ್ದು 43,735 ರೂಪಾಯಿ, ಬಂದಿದ್ದು 39,882.

"ಪೂರ್ತಿ ಕೊಡ್ತೇವೆ ಅಂದಿದ್ದ ಸಾರ್, ಸುಮಾರು ನಾಕು ಸಾವಿರ ನುಂಗಿದ. ಅಮೆರಿಕದವನ ಮೇಲೆ ಇಲ್ಲಿಂದ ಕೇಸ್ ಹಾಕಕ್ಕೆ ಬರ್ತದಾ?" ಇದು ಅವರ ಪ್ರಶ್ನೆ.

ನಾನು ಕೇಳಿದ್ದು ಒಂದೇ ಮಾತು. ಸೈಟಿನಿಂದ ಬಂದ ಇ-ಮೇಲ್ ತೆಗೀರಿ, ಅದರಲ್ಲಿ ಎಷ್ಟು ಡಾಲರ್ ವಾಪಸ್ ಅಂತ ಇದೆ? ಅವರು ಓದಿದ್ರು: USD 500.00. ಕಟ್ಟಿದ್ದೆಷ್ಟು? ಅದೂ USD 500.00. ಅಂದ್ರೆ ವೆಬ್‌ಸೈಟಿನವ ಒಂದು ಸೆಂಟ್ ಕೂಡ ಇಟ್ಟುಕೊಂಡಿಲ್ಲ. ಕೇಸ್ ಹಾಕೋದಿದ್ರೂ ಅವನ ಮೇಲಲ್ಲ.

ಹಾಗಾದ್ರೆ 3,853 ರೂಪಾಯಿ ಎಲ್ಲಿ ಹೋಯ್ತು? ಬನ್ನಿ, ಲೆಕ್ಕ ಹಾಕೋಣ. ಸುಲಭ ಆಗ್ಲಿ ಅಂತ ಅವರ ಅಂಕಿಗಳನ್ನ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಅವರು ಕಾರ್ಡ್ ಒತ್ತಿದಾಗ ಡಾಲರಿಗೆ 84 ರೂಪಾಯಿ. ಐನೂರು ಡಾಲರಿಗೆ 42,000. ಈ ದರವನ್ನ ನಿಗದಿ ಮಾಡೋದು ಅಂಗಡಿಯವನಲ್ಲ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಥರದ ಕಾರ್ಡ್ ಜಾಲದ ಕಂಪನಿ. ಅದರ ಮೇಲೆ ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕು ತನ್ನ ಪಾಲು ಸೇರಿಸ್ತದೆ. ಇದಕ್ಕೆ ಮಾರ್ಕಪ್ ಅಂತಾರೆ. ಇವರ ಕಾರ್ಡಿನಲ್ಲಿ ಅದು ಶೇಕಡಾ ಮೂರೂವರೆ, ಅಂದ್ರೆ 1,470 ರೂಪಾಯಿ. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ, 265 ರೂಪಾಯಿ. ಒಟ್ಟು 43,735. ಇಲ್ಲೇ ಗಮನಿಸಿ, ಹೋಟೆಲಿಗೆ ಸೇರಬೇಕಾದ್ದು 42,000 ಮಾತ್ರ. ಉಳಿದ 1,735 ಅಟ್ಲಾಂಟಿಕ್ ದಾಟಲೇ ಇಲ್ಲ, ನಮ್ಮ ದೇಶದಲ್ಲೇ ಬ್ಯಾಂಕು ಮತ್ತು ಸರ್ಕಾರದ ಹತ್ತಿರ ಉಳಿದುಕೊಂಡಿತು. ಹೋಟೆಲಿನವನಿಗೆ ಬಾರದೇ ಇದ್ದ ದುಡ್ಡನ್ನ ಅವನು ವಾಪಸ್ ಕೊಡೋದು ಹೇಗೆ?

ಮೂರು ವಾರದ ನಂತರ ಐನೂರು ಡಾಲರ್ ವಾಪಸ್ ಹೊರಟಿತು. ಆ ಹೊತ್ತಿಗೆ ಡಾಲರ್ 83 ರೂಪಾಯಿ 20 ಪೈಸೆಗೆ ಇಳಿದಿತ್ತು. ನೀವು ಹಣ ಕಟ್ಟಿದ ದಿನದ ದರವನ್ನ ಯಾರೂ ಬರೆದಿಟ್ಟುಕೊಂಡಿರಲ್ಲ. ನೀವು ರದ್ದು ಬಟನ್ ಒತ್ತಿದ ದಿನದ ದರವೂ ಅಲ್ಲ. ಮರುಪಾವತಿ ಕಾರ್ಡ್ ಜಾಲಕ್ಕೆ ಬಂದು ಲೆಕ್ಕವಾಗುವ ದಿನದ ದರ. ಶಿರಸಿ, ಯಲ್ಲಾಪುರದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಸೋಮವಾರದ ಟೆಂಡರಿನಲ್ಲಿ ರಾಶಿ ಅಡಿಕೆ ಕೊಟ್ಟವರು ಗುರುವಾರ ಅಷ್ಟೇ ತೂಕ ಕೊಳ್ಳೋಕೆ ಹೋದ್ರೆ ಸೋಮವಾರದ ರೇಟು ಕೇಳಕ್ಕಾಗುತ್ತಾ? ತೂಕ ಅದೇ, ರೇಟು ಬೇರೆ. ಐನೂರು ಡಾಲರ್ 41,600 ಆಯ್ತು. ದರದಿಂದ ಹೋಗಿದ್ದು 400 ರೂಪಾಯಿ ಅಷ್ಟೇ.

ಇದು ಎರಡೂ ಕಡೆ ವಾಲುವ ತಕ್ಕಡಿ. ಅಷ್ಟರಲ್ಲಿ ಡಾಲರ್ 86 ಆಗಿದ್ದಿದ್ದರೆ 43,000 ಬರೋದು. 87 ರೂಪಾಯಿ 47 ಪೈಸೆ ದಾಟಿದ್ದಿದ್ದರೆ ಶುಲ್ಕ ಕಳೆದೂ ಲಾಭ. ಹಾಗೆ ಹೆಚ್ಚು ಬಂದವರು ಯಾರೂ ನಮ್ಮ ಚಾನೆಲ್‌ಗೆ ಫೋನ್ ಮಾಡಿ ದೂರಿಲ್ಲ, ಬಿಡಿ.

ಈಗ 400 ಮತ್ತು 1,735 ಸೇರಿಸಿದ್ರೆ 2,135. ಕಳೆದುಹೋಗಿದ್ದು 3,853. ಇನ್ನೂ 1,718 ರೂಪಾಯಿಗೆ ಲೆಕ್ಕ ಸಿಗಲಿಲ್ಲ. ನನಗೂ ಕುತೂಹಲ ಹುಟ್ಟಿದ್ದು ಇಲ್ಲೇ. ಸ್ಟೇಟ್‌ಮೆಂಟ್ ತೆಗೆದು ಓದಿ ಅಂದೆ. ವಾಪಸ್ ಬಂದ 41,600ರ ಮೇಲೂ ಬ್ಯಾಂಕು ಮತ್ತೆ ಶೇಕಡಾ ಮೂರೂವರೆ, ಅಂದ್ರೆ 1,456, ಅದಕ್ಕೆ ಜಿಎಸ್‌ಟಿ 262 ಕಡಿತ ಮಾಡಿದೆ. ಕೂಡಿಸಿ, ಸರಿಯಾಗಿ 1,718.

ಇದನ್ನ ಹೀಗೆ ನೋಡಿ. ಅಡಿಕೆ ಮೂಟೆ ಗಾಡಿಗೆ ಹೇರಿ ಯಲ್ಲಾಪುರದಿಂದ ಶಿರಸಿಗೆ ತಂದ್ರಿ. ರೇಟು ಒಪ್ಪಲಿಲ್ಲ, ಮನೆಗೆ ವಾಪಸ್. ಹೋದ ಬಾಡಿಗೆ ಯಾರೂ ವಾಪಸ್ ಕೊಡಲ್ಲ, ಅದು ನಮಗೂ ಗೊತ್ತು. ಬಂದ ಬಾಡಿಗೆಯನ್ನೂ ಇವನು ಕೇಳ್ತಾನಾ ಅನ್ನೋದು ಮೊದಲೇ ಮಾತಾಗಿರಬೇಕು. ಬ್ಯಾಂಕುಗಳಲ್ಲೂ ಹಾಗೇ. ಮರುಪಾವತಿಯ ಮೇಲೆ ಶುಲ್ಕ ಹಾಕದ ಬ್ಯಾಂಕುಗಳಿವೆ, ಹಾಕುವವೂ ಇವೆ. ಕಾರ್ಡಿನ ಜೊತೆ ಬರುವ ನಿಯಮಗಳ ಕಾಗದದಲ್ಲಿ, ಅದರ ಹೆಸರು Most Important Terms and Conditions, ಈ ಶುಲ್ಕವನ್ನ ಬರೆದಿರಬೇಕು. ಬರೆಯದೇ ಕಡಿತ ಮಾಡಿದ್ದರೆ ಬ್ಯಾಂಕನ್ನ ಕೇಳುವ ಹಕ್ಕು ನಿಮಗಿದೆ.

ಕೆಲವು ಸ್ಟೇಟ್‌ಮೆಂಟುಗಳಲ್ಲಿ ಮಾರ್ಕಪ್ ಬೇರೆ ಸಾಲಿನಲ್ಲಿ ಇರಲ್ಲ, ದರದೊಳಗೇ ಸೇರಿರುತ್ತೆ. ಆಗ ರೂಪಾಯಿಯನ್ನ ಡಾಲರಿನಿಂದ ಭಾಗಿಸಿ. 39,882 ಭಾಗಿಸು 500, ಸುಮಾರು 79 ರೂಪಾಯಿ 76 ಪೈಸೆ. ವೀಸಾ, ಮಾಸ್ಟರ್‌ಕಾರ್ಡ್ ಎರಡರ ಜಾಲತಾಣದಲ್ಲೂ ಇಂತಿಂಥ ದಿನದ ದರ ಎಷ್ಟಿತ್ತು ಅಂತ ನೋಡಬಹುದು. ಅಲ್ಲಿ 83.20 ಇದ್ದು ನಿಮಗೆ 79.76 ಸಿಕ್ಕಿದ್ರೆ, ನಡುವೆ ಯಾರೋ ಕೈ ಹಾಕಿದ್ದಾರೆ ಅಂತಲೇ ಅರ್ಥ.

ಇನ್ನೊಂದು ಮಾತು. "ರೂಪಾಯಿಯಲ್ಲೇ ಕಟ್ಟಿಬಿಟ್ರೆ ಈ ರಗಳೆ ಇಲ್ವಲ್ಲ?" ಅಂತ ನೀವು ಕೇಳಬಹುದು. ಕೆಲವು ವಿದೇಶಿ ಸೈಟುಗಳು INR ಅಂತ ತೋರಿಸಿ ಆಸೆ ಹುಟ್ಟಿಸ್ತವೆ. ಆಗ ದರ ಹಾಕೋದು ಕಾರ್ಡ್ ಜಾಲ ಅಲ್ಲ, ಆ ವ್ಯಾಪಾರಿಯ ಕಡೆಯವರು. ಅವರ ದರ ಸಾಮಾನ್ಯವಾಗಿ ಇದಕ್ಕಿಂತ ದುಬಾರಿ. ಮೇಲಿಂದ, ವ್ಯಾಪಾರಿ ವಿದೇಶದಲ್ಲಿದ್ದಾನೆ ಅನ್ನೋ ಕಾರಣಕ್ಕೆ ರೂಪಾಯಿ ವ್ಯವಹಾರಕ್ಕೂ ನಮ್ಮ ಹಲವು ಬ್ಯಾಂಕುಗಳು ಶುಲ್ಕ ಹಾಕ್ತವೆ. ಎರಡು ಏಟು.

ಏಟೇ ಬೀಳದ ಸಂದರ್ಭವೂ ಒಂದಿದೆ. ಕಾರ್ಡ್ ಒತ್ತಿದ ತಕ್ಷಣ ಬರುವ ಎಸ್‌ಎಂಎಸ್ ಹಣ ಹೋದ ಸುದ್ದಿ ಅಲ್ಲ, ಹಣ ತಡೆಹಿಡಿದ ಸುದ್ದಿ. ವ್ಯಾಪಾರಿ ಅದನ್ನ ವಸೂಲಿಗೆ ಕಳಿಸೋಕೆ ಒಂದೆರಡು ದಿನ ಹಿಡಿಯಬಹುದು. ಅಷ್ಟರೊಳಗೆ ರದ್ದು ಮಾಡಿ, ಅವನೂ ವಸೂಲಿಗೆ ಕಳಿಸದೇ ಬಿಟ್ಟರೆ, ತಡೆ ತೆರವಾಗುತ್ತೆ ಅಷ್ಟೇ. ಖರ್ಚು ಖಾತೆಗೆ ಏರಲೇ ಇಲ್ಲವಾದ್ದರಿಂದ ಮಾರ್ಕಪ್ಪೂ ಇಲ್ಲ, ದರದ ವ್ಯತ್ಯಾಸವೂ ಇಲ್ಲ. ಮನಸ್ಸು ಬದಲಾಗಿದ್ರೆ ಅವತ್ತೇ ರದ್ದು ಮಾಡಿ ಅನ್ನೋದು ಇದಕ್ಕೆ. ನಮ್ಮ ಸಿದ್ದಾಪುರದವರು ಮೂರು ವಾರ ಕಾದಿದ್ರು, ವೀಸಾ ಸಿಗುತ್ತೆ ಅನ್ನೋ ಆಸೆಯಲ್ಲಿ. ಅವರನ್ನ ದೂರಕ್ಕಾಗಲ್ಲ.

ಅವರಿಗೆ ನಾನು ಹೇಳಿದ್ದಿಷ್ಟು. 400 ರೂಪಾಯಿ ಮರೆತುಬಿಡಿ. ಮೊದಲ 1,735 ಸಿಗೋದು ಕಷ್ಟ, ಅದು ಆಗಲೇ ಮುಗಿದ ಸೇವೆಯ ಶುಲ್ಕ ಅಂತಾರೆ. ಎರಡನೇ ಸಲ ಕಡಿತವಾದ 1,718ರ ಬಗ್ಗೆ ಮಾತ್ರ ಬ್ಯಾಂಕಿಗೆ ಲಿಖಿತವಾಗಿ ಬರೀರಿ: ಮರುಪಾವತಿಯ ಮೇಲೆ ಮಾರ್ಕಪ್ ಹಾಕೋದು ನಿಮ್ಮ ನಿಯಮಗಳ ಯಾವ ಕಲಮಿನಲ್ಲಿದೆ? ಹೋಟೆಲಿನ ಇ-ಮೇಲ್, ಎರಡೂ ತಿಂಗಳ ಸ್ಟೇಟ್‌ಮೆಂಟ್ ಲಗತ್ತಿಸಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. cms.rbi.org.in ನಲ್ಲಿ ಮನೆಯಿಂದಲೇ ದೂರು ಕೊಡಬಹುದು, ಶುಲ್ಕ ಇಲ್ಲ.

ಅವರು ಬರೆದಿದ್ದಾರೆ. ದೂರಿನ ಸಂಖ್ಯೆ ಬಂದಿದೆ, ಉತ್ತರ ಬಂದಿಲ್ಲ. ಇವತ್ತಿಗೆ ಒಂಬತ್ತನೇ ದಿನ.