ಹಬ್ಬದ ಕಾಗದದ ಹೂ: ತೂಕ ನೋಡಿ ಕಾಗದ, ಹನಿ ನೋಡಿ ಅಂಟು

(ಸುವರ್ಣ ಮಹೋತ್ಸವದ ಕರಕುಶಲ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತುಗಳ ಬರಹರೂಪ)



ನನ್ನ ಮಾತನ್ನು ಒಂದು ಸೋಲಿನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಗಣಪತಿ ಪೆಂಡಾಲಿಗೆ ಕಾಗದದ ಸರ ಮಾಡಿಸುತ್ತೇನೆಂದು ನಾನೇ ಮುಂದೆ ಬಂದೆ. ಕ್ವಿಲ್ಲಿಂಗ್ ಅನ್ನುತ್ತಾರಲ್ಲ, ಕಾಗದದ ಸಣ್ಣ ಪಟ್ಟಿಯನ್ನು ಸುರುಳಿ ಸುತ್ತಿ ದಳ ಮಾಡಿ ಜೋಡಿಸುವ ಹೂ, ಅದು. ಬೀದಿಯ ಮಕ್ಕಳು ನಾಲ್ಕು ಭಾನುವಾರ ಕೂತು ನಲವತ್ತು ಸರ ಮಾಡಿದರು. ಗೌರಿ ಹಬ್ಬದ ರಾತ್ರಿ ಕಟ್ಟಿದೆವು. ಚೌತಿಯ ಬೆಳಿಗ್ಗೆ ಹೋಗಿ ನೋಡಿದರೆ ಅರ್ಧಕ್ಕರ್ಧ ಸರ ನೆಲದಲ್ಲಿದ್ದವು. ಉಳಿದವುಗಳ ಸುರುಳಿ ಬಿಚ್ಚಿಕೊಂಡು ಜೋತಾಡುತ್ತಿದ್ದವು. ಒಬ್ಬಳು ಪುಟ್ಟ ಹುಡುಗಿ ಬಿದ್ದ ಹೂವನ್ನು ಕೈಯಲ್ಲಿ ಹಿಡಿದುಕೊಂಡು, "ಅಕ್ಕ, ನಾವು ಸರಿಯಾಗಿ ಸುತ್ತಲಿಲ್ವಾ?" ಎಂದು ಕೇಳಿದಳು.

ಮಕ್ಕಳು ಸರಿಯಾಗಿಯೇ ಸುತ್ತಿದ್ದರು. ತಪ್ಪು ನನ್ನದು. ಹಳೆಯ ನೋಟ್‌ಬುಕ್ಕಿನ ಹಾಳೆ ಕೊಟ್ಟಿದ್ದೆ, ಮೈದಾ ಅಂಟು ಕಾಯಿಸಿ ಕೊಟ್ಟಿದ್ದೆ. ಭಾದ್ರಪದವೆಂದರೆ ಮಳೆಗಾಲ, ಗಾಳಿಯಲ್ಲೇ ತೇವ ಇರುತ್ತದೆ. ಆ ತೇವಕ್ಕೆ ತೆಳು ಹಾಳೆ ಸೊರಗಿತು, ಮೈದಾ ಅಂಟು ಮೆತ್ತಗಾಯಿತು.

ಮೊದಲು ಕಾಗದದ ಮಾತು. ಕಾಗದದ ಕಟ್ಟಿನ ಮೇಲೆ ಜಿಎಸ್ಎಂ ಎಂದು ಬರೆದಿರುತ್ತದೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ ಅದು. ನೋಟ್‌ಬುಕ್ಕಿನ ಹಾಳೆ ಸಾಮಾನ್ಯವಾಗಿ 60ರ ಆಸುಪಾಸು, ಜೆರಾಕ್ಸ್ ಹಾಳೆ 70ರಿಂದ 80. ಸುರುಳಿ ಹೂವಿಗೆ ಬೇಕಾದದ್ದು 100ರಿಂದ 120. ಅದಕ್ಕಿಂತ ತೆಳುವಾದರೆ ದಳ ಬೆರಳಿಗೆ ಒತ್ತಿದ ಕೂಡಲೇ ಚಪ್ಪಟೆಯಾಗುತ್ತದೆ. ಲಗ್ನಪತ್ರಿಕೆಯಂಥ ದಪ್ಪ ಕಾಗದವಾದರೆ ಸುತ್ತಿದ್ದು ಸ್ಪ್ರಿಂಗಿನ ಹಾಗೆ ಬಿಚ್ಚಿಕೊಳ್ಳುತ್ತದೆ, ತುದಿ ಚಿವುಟಿದಲ್ಲಿ ಬಿರಿಯುತ್ತದೆ.

ಅಂಗಡಿಯಲ್ಲಿ ಬಿಡಿ ಚಾರ್ಟ್ ಪೇಪರ್ ಕೊಂಡರೆ ಅದರ ಮೇಲೆ ಏನೂ ಬರೆದಿರುವುದಿಲ್ಲ. ಆಗ ತಕ್ಕಡಿಯೇ ಹೇಳುತ್ತದೆ. ದೊಡ್ಡ ಚಾರ್ಟು 22 ಅಂಗುಲಕ್ಕೆ 28 ಅಂಗುಲ ಇರುತ್ತದೆ. ಅಂಥ ಐದು ಶೀಟು ಸೇರಿದರೆ ಹೆಚ್ಚುಕಡಿಮೆ ಎರಡು ಚದರ ಮೀಟರ್. ಐದನ್ನೂ ಸುತ್ತಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಡಿ, ಬಂದ ಗ್ರಾಮನ್ನು ಅರ್ಧ ಮಾಡಿ. 240 ಗ್ರಾಂ ಬಂದರೆ ಅದು 120ರ ಕಾಗದ, ಕಣ್ಣು ಮುಚ್ಚಿ ತನ್ನಿ. ಎ4 ಹಾಳೆಯಾದರೆ ಇನ್ನೂ ಸುಲಭ. ಹದಿನಾರು ಹಾಳೆ ಸೇರಿದರೆ ಒಂದು ಚದರ ಮೀಟರ್, ಹದಿನಾರರ ತೂಕವೇ ಉತ್ತರ. ಎಂಟನೇ ತರಗತಿಯ ಮಕ್ಕಳೂ ಈ ಲೆಕ್ಕ ಮಾಡಬಲ್ಲರು, ನಮ್ಮ ಗಣಿತದ ಮೇಷ್ಟ್ರು ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಈಗ ಒಂದು ಸರ ಮಾಡೋಣ. ಚಾರ್ಟನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಮೊಂಡು ಹಿಡಿಯುತ್ತದೆ. ಪಟ್ಟಿ ಸುತ್ತುವಾಗ ಸಲೀಸಾದ ಕಡೆಗೇ ಸುರುಳಿಯಾಗುವಂತೆ ಕತ್ತರಿಸಿದರೆ ಸುರುಳಿ ದುಂಡಗೆ ಬರುತ್ತದೆ. ಅದು 28 ಅಂಗುಲದ ಉದ್ದಕ್ಕೇ ಬಂದರೆ, ಐದು ಮಿಲಿಮೀಟರ್ ಅಗಲ ಇಟ್ಟು ಸ್ಕೇಲು, ಬ್ಲೇಡಿನಿಂದ ಕತ್ತರಿಸಿದಾಗ ಹಾಳಾದದ್ದು ಬಿಟ್ಟು ಸುಮಾರು ನೂರು ಪಟ್ಟಿ ಸಿಗುತ್ತವೆ. ಸುತ್ತುವುದಕ್ಕೆ ಅಗರಬತ್ತಿಯ ಬರೀ ಕಡ್ಡಿ ಸಾಕು. ತುದಿಯನ್ನು ಬ್ಲೇಡಿನಿಂದ ಅರ್ಧ ಅಂಗುಲ ಸೀಳಿ, ಸೀಳಿನಲ್ಲಿ ಪಟ್ಟಿಯ ತುದಿ ಸಿಕ್ಕಿಸಿ ಬಿಗಿಯಾಗಿ ಸುತ್ತಿ. ಕಡ್ಡಿ ತೆಗೆದು, ಸುರುಳಿಯನ್ನು ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಸಡಿಲಬಿಡಿ. ಎಲ್ಲ ದಳವೂ ಒಂದೇ ಅಳತೆ ಬರಬೇಕಾದರೆ ನಾಣ್ಯವನ್ನು ಪಕ್ಕದಲ್ಲೇ ಇಟ್ಟುಕೊಂಡು ಹೋಲಿಸಿ. ಆಮೇಲೆ ಪಟ್ಟಿಯ ಕೊನೆಗೆ ಅಂಟು ಹಚ್ಚಿ, ಒಂದು ಬದಿಯನ್ನು ಚಿವುಟಿದರೆ ನೀರಿನ ಹನಿಯ ಆಕಾರದ ದಳ. ಆರು ದಳ, ನಡುವೆ ಹಳದಿಯ ಬಿಗಿ ಸುರುಳಿ, ಒಂದು ಹೂ. ಮೂರು ಹೂವಿಗೆ ಹದಿನೆಂಟು ದಳ. ಹೀಗೆ ಒಂದು ಶೀಟಿನಲ್ಲಿ ಐದು ಸರದ ದಳ ಆಗುತ್ತದೆ.

ಇನ್ನು ಅಂಟು. ಮೈದಾ ಅಂಟು ಗೋಡೆಗೆ ಪೋಸ್ಟರ್ ಹಚ್ಚಲು ಒಳ್ಳೆಯದು. ಹೂವಿಗಾದರೆ ಅದರಲ್ಲಿ ನೀರು ಜಾಸ್ತಿ, ಒಣಗಿದ ಮೇಲೂ ತೇವ ಹೀರುತ್ತದೆ, ಬೂಸಲು ಹಿಡಿಯುತ್ತದೆ, ಜಿರಲೆಯನ್ನೂ ಕರೆಯುತ್ತದೆ. ಹಿಂದೆ ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಕೊಡುವ ಪದಾರ್ಥವಲ್ಲ. ನಾವೆಲ್ಲ ಫೆವಿಕಾಲ್ ಅನ್ನುವ ಬಿಳಿ ಅಂಟು ಸಾಕು, ನೀರು ಬೆರೆಸಬೇಡಿ. ಮುಚ್ಚಳಕ್ಕೆ ಸ್ವಲ್ಪ ಹಾಕಿಕೊಂಡು ಬೆಂಕಿಕಡ್ಡಿಯ ತುದಿಯಿಂದ ಸಾಸಿವೆ ಕಾಳಿನಷ್ಟು ತೆಗೆದುಕೊಳ್ಳಿ. ಅಂಟು ಹೆಚ್ಚಾದರೆ ಹೂ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಂಟಿನಲ್ಲಿರುವ ನೀರು ಕಾಗದಕ್ಕೆ ಇಳಿದು ಪಟ್ಟಿ ಉಬ್ಬುತ್ತದೆ, ಜೋಡಣೆ ಜಾರುತ್ತದೆ. ಒತ್ತಿದಾಗ ಅಂಚಿನಿಂದ ಬಿಳಿ ಹೊರಗೆ ಬಂದರೆ ಹೆಚ್ಚಾಯಿತೆಂದು ತಿಳಿಯಿರಿ. ಹತ್ತು ಎಣಿಸುವವರೆಗೆ ಒತ್ತಿ ಹಿಡಿದು ಬಿಡಿ, ಇಡೀ ರಾತ್ರಿ ಒಣಗಲಿ, ಆಮೇಲೆ ತೂಗುಹಾಕಿ.

ತೂಗುಹಾಕುವಾಗ ನಾನು ಮಾಡಿದ ಇನ್ನೊಂದು ತಪ್ಪು ಹೇಳುತ್ತೇನೆ. ದಾರವನ್ನು ಹೂವಿನ ಬೆನ್ನಿಗೆ ಅಂಟಿಸಿದ್ದೆ. ಮೂರು ಹೂವಿನ ಸರ ಹತ್ತು ಗ್ರಾಮೂ ತೂಗುವುದಿಲ್ಲ, ಆದರೆ ಗಾಳಿ ರಾತ್ರಿಯೆಲ್ಲ ಅದನ್ನು ಎಳೆದಾಡುತ್ತದೆ. ಅಂಟಿನ ಕೆಲಸ ಆಕಾರ ಹಿಡಿಯುವುದು, ಭಾರ ಹೊರುವ ಕೆಲಸ ದಾರದ್ದು. ಸೂಜಿಯಲ್ಲಿ ದಾರ ಪೋಣಿಸಿ, ಮೇಲಿನ ದಳದಿಂದ ನಡುವಿನ ಸುರುಳಿಯ ಮೂಲಕ ಕೆಳಗಿನ ದಳದವರೆಗೆ ತೂರಿಸಿ, ಪ್ರತಿ ಹೂವಿನ ಕೆಳಗೊಂದು ಗಂಟು ಹಾಕಿ. ಆಗ ಒಂದು ದಳ ಕಳಚಿದರೂ ಸರ ಬೀಳುವುದಿಲ್ಲ.

ಸರದ ತುದಿಗೆ ಗುಲಾಬಿ ಬೇಕೆಂದರೆ ಕ್ರೇಪ್ ಪೇಪರ್ ತನ್ನಿ, ಮೈಯೆಲ್ಲ ಸಣ್ಣ ಸುಕ್ಕಿರುವ ಹಗುರ ಕಾಗದ. ದಳ ಕತ್ತರಿಸುವಾಗ ಸುಕ್ಕಿನ ಗೆರೆ ಮೇಲಿಂದ ಕೆಳಕ್ಕೆ ಬರಲಿ. ಆಗ ದಳದ ನಡುವನ್ನು ಹೆಬ್ಬೆರಳುಗಳಿಂದ ಅಕ್ಕಪಕ್ಕಕ್ಕೆ ಹಿಗ್ಗಿಸಿದರೆ ಬಟ್ಟಲಿನಂತೆ ಗುಳಿ ಬೀಳುತ್ತದೆ. ಗೆರೆ ಅಡ್ಡವಾದರೆ ಎಷ್ಟು ಎಳೆದರೂ ಗುಳಿ ಬರುವುದಿಲ್ಲ. ಎಂಟು ಹತ್ತು ದಳವನ್ನು ತೆಳು ತಂತಿಯ ಸುತ್ತ ಒಂದೊಂದಾಗಿ ಇಟ್ಟು, ಬುಡದಲ್ಲಿ ದಾರದಿಂದ ಬಿಗಿಯಾಗಿ ಸುತ್ತಿ. ಇಲ್ಲಿ ಅಂಟೇ ಬೇಡ. ಒದ್ದೆಯಾದರೆ ಕ್ರೇಪಿನ ಬಣ್ಣ ಬಿಡುತ್ತದೆ, ಸುಕ್ಕು ಸಪಾಟಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಇದೆ. ಮಳೆಯ ಎರಚಲು ಹೊಡೆಯುವ ಜಾಗದಲ್ಲಿ ಯಾವ ಕಾಗದವೂ ನಿಲ್ಲದು, ಬಿಳಿ ಅಂಟು ಕೂಡ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ಪೆಂಡಾಲಿನ ಅಂಚಿಗೆ ಮಾವಿನ ತೋರಣವೇ ಇರಲಿ. ಕಾಗದದ ಸರ ಒಳಗೆ, ಗಣಪತಿಯ ಹಿಂದಿನ ಪರದೆಗೆ ಇರಲಿ.

ಮಾರನೆಯ ವರ್ಷ ಅದೇ ಮಕ್ಕಳನ್ನು ಮತ್ತೆ ಕರೆದೆ. ಈ ಸಲ ಮೊದಲ ದಿನ ಹೂ ಮಾಡಲಿಲ್ಲ, ಚಾರ್ಟು ಹಿಡಿದುಕೊಂಡು ಕಿರಾಣಿ ಅಂಗಡಿಗೆ ಹೋದೆವು. ವಿಸರ್ಜನೆಯ ದಿನ ಸರಗಳನ್ನು ನಾವೇ ಬಿಚ್ಚಿದೆವು, ತಾನಾಗಿ ಬಿದ್ದದ್ದು ಎರಡೇ ಎರಡು. ಆ ಪುಟ್ಟ ಹುಡುಗಿ ತಾನು ಮಾಡಿದ ಸರವನ್ನು ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಹೋದಳು.

ಹೊರಗಿನ ಮೇಜಿನ ಮೇಲೆ ಚಾರ್ಟು, ಕಡ್ಡಿ, ಅಂಟು ಇಟ್ಟಿದ್ದೇನೆ. ತಕ್ಕಡಿಯೂ ಇದೆ. ಊಟಕ್ಕೆ ಮುಂಚೆ ಬಂದು ಒಂದೊಂದು ದಳ ಸುತ್ತಿ ನೋಡಿ.